ಭಾಮಾಬಾಯಿ ಎಳೆದ ಗೆರೆಗಳು

ಪ್ರತಿ ತಿಂಗಳ ಮೊದಲ ಭಾನುವಾರ ಪುಣೆಯ ಶಿವಾಜಿನಗರದ ಒಂದು ಹಳೇ ವಾಚನಾಲಯದ ಮಹಡಿಯ ಮೇಲೆ ನಾನು ಭಾಷಣ ಮಾಡುತ್ತೇನೆ. ಭಾಷಣ ಅನ್ನುವುದು ದೊಡ್ಡ ಮಾತಾಯಿತು. ಮೂವತ್ತೊಂದು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿ ಬೇರೆಯವರ ಮಾತು ಬರೆದುಕೊಂಡವಳು ನಾನು. ನಿವೃತ್ತಿಯಾದ ಮೇಲೆ ನನಗೂ ಮಾತಾಡುವ ಚಪಲ ಬಂತು. ಮಾಹಿತಿ ಹಕ್ಕಿನ ಅರ್ಜಿ ಹೇಗೆ ಹಾಕಬೇಕು, ಉತ್ತರ ಬರದಿದ್ದರೆ ಏನು ಮಾಡಬೇಕು, ಇಷ್ಟೇ ವಿಷಯ. ನಲವತ್ತು ನಿಮಿಷ ಮರಾಠಿ, ಕೊನೆಯ ಹದಿನೈದು ನಿಮಿಷ ಕನ್ನಡ. ಯೆರವಡಾ ಕಡೆಯ ಗುಡಿಸಲು ವಸ್ತಿಗಳಿಂದ ನಮ್ಮ ಯಾದಗಿರಿ, ಕಲಬುರಗಿ ಜನ ನಾಲ್ಕಾರು ಮಂದಿ ಬರುತ್ತಾರೆ. ಅವರು ಹಿಂದಿನ ಬೆಂಚಿನಲ್ಲಿ ಕೂತು, ಮರಾಠಿ ಮುಗಿಯುವ ತನಕ ಫ್ಯಾನು ನೋಡುತ್ತಿರುತ್ತಾರೆ.

ಭಾಷಣದ ಕೊನೆಗೆ ನಾನು ತಪ್ಪದೇ ಹೇಳುತ್ತಿದ್ದ ಮಾತು ಎರಡು. ಒಂದು, ಪೋಚ್ ಜೋಪಾನವಾಗಿ ಇಡಿ. ಪೋಚ್ ಅಂದರೆ ಅರ್ಜಿ ಮುಟ್ಟಿದೆ ಅಂತ ಕಚೇರಿಯವರು ಸಿಕ್ಕಾ ಹಾಕಿ, ತಾರೀಖು ಮತ್ತು ಆವಕ ನಂಬರು ಬರೆದುಕೊಡುವ ಎರಡನೇ ಪ್ರತಿ. ಇನ್ನೊಂದು, ಅಂಜಬೇಡಿ. ಮೊದಲನೇ ಮಾತನ್ನು ನಾನು ತಿಳಿದು ಹೇಳುತ್ತಿದ್ದೆ. ಎರಡನೆಯದು ಶುದ್ಧ ಸುಳ್ಳು, ಅದು ನನಗೊಬ್ಬಳಿಗೇ ಗೊತ್ತಿತ್ತು.

ಭಾಮಾಬಾಯಿ ಬಂದದ್ದು ಒಂದು ಬೇಸಿಗೆಯ ಭಾನುವಾರ. ಸುರಪುರ ತಾಲೂಕಿನವಳು. ಹದಿನೇಳಕ್ಕೆ ಮದುವೆಯಾಗಿ, ಗಂಡ ಹುಸೇನಪ್ಪನ ಹಿಂದೆ ಪುಣೆಗೆ ಬಂದು, ಇಪ್ಪತ್ತೆರಡು ವರ್ಷದಿಂದ ಒಂದೇ ಗುಡಿಸಲಲ್ಲಿ ಇದ್ದಾಳೆ. ಗುಡಿಸಲು ನಂಬರು ಎಂಬತ್ಮೂರು. ಹುಸೇನಪ್ಪ ಕಾಮಾಲೆಯಲ್ಲಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಕಟ್ಟಡಗಳಲ್ಲಿ ಇಟ್ಟಂಗಿ ಹೊರುತ್ತಾಳೆ. ಕೆಲಸ ಇಲ್ಲದ ದಿನ ಮಾರ್ಕೆಟ್ ಯಾರ್ಡಿಗೆ ಹೋಗಿ ಉಳ್ಳಾಗಡ್ಡಿ ಆರಿಸುತ್ತಾಳೆ. ಅಕ್ಷರ ಬಾರದು, ಅಂಕಿ ಮಾತ್ರ ಪಕ್ಕಾ. ತಲೆ ಮೇಲಿನ ಇಟ್ಟಂಗಿ, ಬಸ್ಸಿನ ನಂಬರು, ಲೈಟ್ ಬಿಲ್ಲು ಎಲ್ಲ ಅವಳ ಬಾಯಲ್ಲೇ ಇರುತ್ತಿದ್ದವು. ನನಗೋ ನನ್ನ ಫೋನ್ ನಂಬರೇ ನೋಡಿಕೊಂಡು ಹೇಳಬೇಕು.

ಅವಳ ವಸ್ತಿಯನ್ನು ಕೆಡವಿ ಎತ್ತರದ ಕಟ್ಟಡ ಕಟ್ಟುವುದೆಂದು ಠರಾವಾಗಿತ್ತು. ಸರ್ವೆಯವರು ಬಂದು ಹೋಗಿದ್ದರು. ಹಳೇ ನಿವಾಸಿಗಳು ಅಂತ ಯಾರ ಹೆಸರು ಪಾತ್ರರ, ಅಂದರೆ ಅರ್ಹರ, ಯಾದಿಯಲ್ಲಿ ಬರುತ್ತದೋ ಅವರಿಗೆ ಅದೇ ಜಾಗದಲ್ಲಿ ಒಂದು ಖೋಲಿ, ಉಳಿದವರಿಗೆ ಬೀದಿ. ಯಾದಿ ತಯಾರಾಗುತ್ತಿದೆ ಅಂತ ಎಲ್ಲರೂ ಹೇಳುವವರೇ, ನೋಡಿದವರು ಒಬ್ಬರೂ ಇಲ್ಲ. ಎಂಬತ್ಮೂರನೇ ನಂಬರಿನ ಮುಂದೆ ಯಾರ ಹೆಸರಿದೆ ಅನ್ನುವುದಷ್ಟೇ ಅವಳಿಗೆ ಬೇಕಾಗಿತ್ತು.

ಭಾಷಣ ಮುಗಿದ ಮೇಲೆ ನಾನೇ ಕೂತು ಅರ್ಜಿ ಬರೆದುಕೊಟ್ಟೆ. ಯಾದಿ ಮಾಡುವ ಕಚೇರಿಯ ಜನಮಾಹಿತಿ ಅಧಿಕಾರಿಗೆ, ಮರಾಠಿಯಲ್ಲಿ, ಗೊತ್ತುಪಡಿಸಿದ ನಮೂನೆಯಲ್ಲಿ, ಒಂದೇ ವಿಷಯ, ನೂರೈವತ್ತು ಶಬ್ದದೊಳಗೆ. 'ನನಗೆ ಮನೆ ಯಾಕೆ ಕೊಡುತ್ತಿಲ್ಲ' ಅಂತ ಕೇಳಿದರೆ ಅವರು ಉತ್ತರ ಕೊಡಬೇಕಾಗಿಲ್ಲ, ಕಾಗದ ಕೇಳಬೇಕು. ಹಾಗಾಗಿ ಗುಡಿಸಲು ನಂಬರು ಎಂಬತ್ಮೂರರ ಸರ್ವೆ ಹಾಳೆ ಮತ್ತು ಯಾದಿಯಲ್ಲಿ ಆ ನಂಬರು ಇರುವ ಪುಟ, ಎರಡರ ಪ್ರಮಾಣಿತ ಪ್ರತಿ ಬೇಕು ಅಂತ ಬರೆದೆ. ಯಾಕೆ ಬೇಕು ಅಂತ ಅವರು ಕೇಳುವ ಹಾಗಿಲ್ಲ, ಕೇಳಿದರೆ ನೀವು ಹೇಳಬೇಕಾಗಿಲ್ಲ ಅಂತ ಅವಳಿಗೆ ಎರಡು ಸಲ ಹೇಳಿದೆ. ಹಳದಿ ರೇಶನ್ ಕಾರ್ಡಿನ ಪ್ರತಿ ಹಚ್ಚಿದ್ದರೆ ಫೀ ಬೇಕಾಗಿರಲಿಲ್ಲ. ಕಾರ್ಡು ಕೈಯಾಗಿಲ್ಲ ಅಂದಳು. ಎಲ್ಲಿದೆ ಅಂತ ನಾನು ಕೇಳಲಿಲ್ಲ. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಹಚ್ಚಿ ಕಳಿಸಿದೆ. ಕೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ಮಂಗಳವಾರ ಅವಳು ಅರ್ಜಿ ಕೊಟ್ಟಳು, ಸಿಕ್ಕಾ ಹಾಕಿಸಿಕೊಂಡಳು. ಮೂವತ್ತು ದಿನದೊಳಗೆ ಉತ್ತರ ಬರಬೇಕು ಅಂತ ನಾನು ಹೇಳಿದ್ದೆನಲ್ಲ, ಗುಡಿಸಲಿನ ಬಾಗಿಲ ಪಕ್ಕ ಇಟ್ಟಂಗಿ ಚೂರಿನಿಂದ ದಿನಕ್ಕೊಂದು ಗೆರೆ ಎಳೆಯತೊಡಗಿದಳು. ಕೆಲಸದ ಹಾಜರಿಯನ್ನೂ ಅವಳು ಹಾಗೇ ಇಡುವುದು.

ಮುಂದಿನ ಎರಡು ತಿಂಗಳ ಮೊದಲ ಭಾನುವಾರವೂ ಅವಳು ಸಭೆಗೆ ಬರಲಿಲ್ಲ. ಉತ್ತರ ಸಿಕ್ಕಿರಬೇಕು ಅಂದುಕೊಂಡೆ. ನಮ್ಮಂಥವರಿಗೆ ಹಾಗೆ ಅಂದುಕೊಳ್ಳುವುದು ಭಾಳ ಸುಲಭ. ಆಮೇಲೆ ಒಂದು ಗುರುವಾರ ಮಧ್ಯಾಹ್ನ ನಮ್ಮ ಮನೆಯ ಬಾಗಿಲು ಬಡಿದಳು. ವಾಚನಾಲಯದ ಸಿಪಾಯಿಯ ಹತ್ತಿರ ವಿಳಾಸ ಕೇಳಿಕೊಂಡು, ಯೆರವಡಾದಿಂದ ನಡೆದೇ ಬಂದಿದ್ದಳು. ಬಸ್ಸಿನಲ್ಲಿ ಬಂದರೆ ಯಾರಾದರೂ ನೋಡುತ್ತಾರೆ ಅಂತ. ಒಳಗೆ ಬಂದವಳು ಮೊದಲು ಕಿಟಕಿಯ ಪರದೆ ಎಳೆದಳು. ನೀರು ಕೊಟ್ಟೆ. ಲೋಟದ ನೀರು ಅರ್ಧ ಸೀರೆಯ ಮೇಲೇ ಹೋಯಿತು.

ಎಷ್ಟು ಗೆರೆ ಆದವು ಅಂತ ಕೇಳಿದೆ. ಐವತ್ತೆಂಟು ಅಂದಳು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ನಿರಾಕರಿಸಿದಂತೆ ಅಂತ ಕಾಯ್ದೆ ಹೇಳುತ್ತದೆ. ಅಲ್ಲಿಂದ ಮತ್ತೆ ಮೂವತ್ತು ದಿನದೊಳಗೆ ಮೊದಲನೇ ಅಪೀಲು ಹಾಕಬೇಕು, ಅದೇ ಕಚೇರಿಯ ಮೇಲಧಿಕಾರಿಗೆ. ಅಂದರೆ ಅರವತ್ತಕ್ಕೆ ಮುಗಿಯಿತು. ಅರವತ್ತನೇ ದಿನ ಶನಿವಾರ, ಕಚೇರಿಗೆ ರಜೆ. ತಡಕ್ಕೆ ಸರಿಯಾದ ಕಾರಣ ಕೊಟ್ಟರೆ ಮೇಲಧಿಕಾರಿ ಮನಸ್ಸು ಮಾಡಿ ತೆಗೆದುಕೊಳ್ಳಬಹುದು, ಆದರೆ ಇಂಥ ವಿಷಯದಲ್ಲಿ ಅವರ ಮನಸ್ಸಿನ ಮೇಲೆ ಭಾರ ಹಾಕಿ ಕೂರುವವಳು ನಾನಲ್ಲ. ಉಳಿದದ್ದು ನಾಳೆ ಒಂದು ದಿನ.

ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ ಸಿಟ್ಟಿನಿಂದಲೇ ಕೇಳಿದೆ. ವಾರಕ್ಕೊಮ್ಮೆ ಕೌಂಟರಿಗೆ ಹೋಗುತ್ತಿದ್ದಳಂತೆ. ಮುಂದಿನ ವಾರ ಬಾ ಅನ್ನುತ್ತಿದ್ದರಂತೆ. ಬಾ ಅಂದಮೇಲೆ ಕೆಲಸ ನಡೆದಿದೆ ಅಂತಲೇ ಅವಳು ತಿಳಿದಿದ್ದಳು. ಮನೆಗೆ ಬಾ ಅಂದವರ ಮೇಲೆ ಯಾರಾದರೂ ಅಪೀಲು ಹಾಕುತ್ತಾರೆಯೇ. ಸಭೆಗೆ ಬರಬೇಕೆಂದರೆ ಎರಡು ಭಾನುವಾರವೂ ಮುಕಾದಮ ಸಿದ್ರಾಮಪ್ಪ ದೂರದ ಸೈಟಿಗೆ ಕಳಿಸಿಬಿಟ್ಟಿದ್ದ. ಮುಕಾದಮ ಅಂದರೆ ಊರಿಂದ ಜನ ಕರೆತಂದು ಕೆಲಸಕ್ಕೆ ಹಚ್ಚುವವನು. ವಸ್ತಿಯ ಬಾಯಿಗೆ ಅವನೇ ನಾಲಿಗೆ.

ಹೋಗಲಿ, ಪೋಚ್ ತೆಗೆಯಿರಿ ಅಂದೆ. ಅವಳು ನೆಲ ನೋಡಿದಳು.

"ಸಿದ್ರಾಮಪ್ಪನ ಟ್ರಂಕಿನ್ಯಾಗ ಅದರೀ ಬಾಯಾರ. ನೀವೇ ಹೇಳಿದ್ರಲ್ರಿ, ಜ್ವಾಪಾನ ಇಡ್ರಿ ಅಂತ."

ಆಗ ನನಗೆ ಎಲ್ಲ ತಿಳಿಯಿತು. ಅವರ ಗುಡಿಸಲುಗಳಿಗೆ ಸರಿಯಾದ ಬೀಗವಿಲ್ಲ, ಮಳೆಗಾಲದಲ್ಲಿ ನೀರು ಒಳಗೇ ಬರುತ್ತದೆ. ಹಾಗಾಗಿ ವಸ್ತಿಯಲ್ಲಿರುವ ನಮ್ಮ ಕಡೆಯ ಅರವತ್ತು ಮನೆಯ ಆಧಾರ್, ರೇಶನ್ ಕಾರ್ಡು, ಲೈಟ್ ಬಿಲ್ಲು ಎಲ್ಲ ಮುಕಾದಮನ ತಗಡಿನ ಟ್ರಂಕಿನಲ್ಲೇ ಇರುತ್ತವೆ. ಊರಿಂದ ಬಂದ ಮೊದಲ ದಿನವೇ ಒಪ್ಪಿಸುವುದು ರೂಢಿ. ಟಪಾಲಿನವನೂ ವಸ್ತಿಯ ಪತ್ರಗಳನ್ನೆಲ್ಲ ಅವನ ಅಂಗಡಿಗೇ ಕೊಟ್ಟು ಹೋಗುತ್ತಾನೆ. ಜೋಪಾನವಾಗಿ ಇಡಿ ಅಂದರೆ ಅವಳಿಗೆ ಗೊತ್ತಿದ್ದ ಜಾಗ ಅದೊಂದೇ. ಬಿಲ್ಡರನ ಮನುಷ್ಯರು ದಿನಾ ಚಹಾ ಕುಡಿಯುವುದೂ ಅದೇ ಅಂಗಡಿಯಲ್ಲಿ. ನನ್ನ ಬುದ್ಧಿವಾದವನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಳು, ಮತ್ತು ತಾನೇ ಹೋಗಿ ಹುಲಿಯ ಕೈಗೆ ಚೀಟಿ ಕೊಟ್ಟುಬಂದಿದ್ದಳು.

ಮೊದಲು ಸಿದ್ರಾಮಪ್ಪ ನಕ್ಕಿದ್ದನಂತೆ. ಆಮೇಲೆ ಸಾಹೇಬರು ಸಿಟ್ಟಾಗಿದ್ದಾರೆ ಅಂದನಂತೆ. ಆಮೇಲೆ ಪೊಲೀಸರ ಮಾತು ಬಂತು. ಆ ದಿನ ಮುಂಜಾನೆ ಒಂದು ಖಾಲಿ ಹಾಳೆ ತಂದು, ಅರ್ಜಿ ಹಿಂದಕ್ಕೆ ತೊಗೋತೀನಿ ಅಂತ ಇದರ ಮೇಲೆ ಹೆಬ್ಬೆಟ್ಟು ಒತ್ತು, ಸಂಜೆ ಬರ್ತೀನಿ ಅಂದು ಹೋಗಿದ್ದ. ಹೆಬ್ಬೆಟ್ಟು ಒತ್ತದಿದ್ದರೆ ನಾಳೆಯಿಂದ ಕೆಲಸ ಇಲ್ಲ, ವಸ್ತಿಯೊಳಗೆ ನೀರು ಇಲ್ಲ. ಖಾಲಿ ಹಾಳೆಯ ಮೇಲೆ ಆಮೇಲೆ ಏನು ಬರೆದುಕೊಳ್ಳುತ್ತಾನೋ ದೇವರೇ ಬಲ್ಲ ಅಂತ ನಾನು ಹೇಳಬೇಕಾಗಲಿಲ್ಲ. ಅವಳು ಅದಕ್ಕೇ ಓಡಿ ಬಂದಿದ್ದಳು.

ನಾನು ಅಪೀಲು ಬರೆಯಲು ಕೂತೆ. ಉತ್ತರವೇ ಬಂದಿಲ್ಲ ಅನ್ನುವುದೇ ಕಾರಣ. ಬೇರೆ ಕಾರಣ ಬೇಕಾಗಿಲ್ಲ. ಅರ್ಜಿ ಕೊಟ್ಟ ತಾರೀಖು ಗೆರೆಗಳಿಂದ ಸಿಕ್ಕಿತು. ಆವಕ ನಂಬರು ಇಲ್ಲದೆ ಹೇಗೆ ಅಂತ ನಾನು ಪೆನ್ನು ಕಚ್ಚುತ್ತಿರುವಾಗ ಅವಳು ಎರಡು ಮೂರು ಒಂದು ಆರು ಅಂದಳು. ಸಿಕ್ಕಾದೊಳಗೆ ಬರೆದಿದ್ದನ್ನು ಒಮ್ಮೆ ನೋಡಿದ್ದಳಂತೆ. ಆಮೇಲೆ ವಿಳಾಸದ ಜಾಗ ಬಂತು. ಅಲ್ಲಿ ನನ್ನ ಕೈ ನಿಂತಿತು.

"ವಸ್ತಿ ವಿಳಾಸ ಹಾಕಿದ್ರ ಪತ್ರ ಅವನ ಕೈಗೇ ಹೋಗ್ತದರಿ," ಅಂದಳು ಭಾಮಾಬಾಯಿ. "ನಿಮ್ಮ ಮನಿದು ಹಾಕ್ರೆಲಾ."

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ಒಂಬತ್ತು ವರ್ಷದ ಹಿಂದೆ ನಮ್ಮ ಓಣಿಯ ಬಾವಿಯ ಜಾಗ ಯಾರದು ಅಂತ ನಾನೇ ಒಂದು ಅರ್ಜಿ ಹಾಕಿದ್ದೆ. ಒಂದು ಸಂಜೆ ಯಾರೋ ಫೋನು ಮಾಡಿ, ಬಹಳ ಮರ್ಯಾದೆಯಿಂದ, ನನ್ನ ಮಗಳು ಮಂಜರಿ ಕಾಲೇಜಿನಿಂದ ಯಾವ ಬಸ್ಸಿಗೆ ಬರುತ್ತಾಳೆ, ಎಲ್ಲಿ ಇಳಿಯುತ್ತಾಳೆ, ಇಳಿದು ಯಾವ ಗಲ್ಲಿ ಹಿಡಿಯುತ್ತಾಳೆ ಎಂದು ಹೇಳಿ ಇಟ್ಟುಬಿಟ್ಟರು. ಬೇರೇನೂ ಹೇಳಲಿಲ್ಲ. ಮಾರನೇ ದಿನವೇ ಅರ್ಜಿ ಹಿಂದಕ್ಕೆ ತೆಗೆದುಕೊಂಡೆ. ಬಾವಿ ಈಗ ಪಾರ್ಕಿಂಗ್ ಆಗಿದೆ. ಆಮೇಲೆ ನಾನು ಒಂದು ಅರ್ಜಿಯನ್ನೂ ಹಾಕಿಲ್ಲ, ಭಾಷಣ ಮಾತ್ರ ಮಾಡುತ್ತೇನೆ. ಇದನ್ನು ಯಾರಿಗೂ ಹೇಳಿಲ್ಲ. ಮಂಜರಿ ಮದುವೆಯಾಗಿ ದೂರ ಹೋದಳು, ಅಂಜಿಕೆ ಮಾತ್ರ ಈ ಮನೆಯಲ್ಲೇ ಉಳಿಯಿತು.

ಟಪಾಲು ಕಚೇರಿಯಲ್ಲಿ ಪೆಟ್ಟಿಗೆ ನಂಬರು ತೊಗೋಬಹುದು, ವಾಚನಾಲಯದ ವಿಳಾಸ ಹಾಕಬಹುದು ಅಂತೆಲ್ಲ ತೊದಲಿದೆ. ಪೆಟ್ಟಿಗೆ ಸಿಗಲು ದಿನ ಹಿಡಿಯುತ್ತದೆ. ವಾಚನಾಲಯದ ಕಮಿಟಿಯನ್ನು ಕೇಳಲು ನಾಳೆಯೊಳಗೆ ಆಗುವುದಿಲ್ಲ. ಅವಳು ಒತ್ತಾಯ ಮಾಡಲಿಲ್ಲ. ಒದ್ದೆಯಾದ ಸೆರಗು ಹಿಂಡಿಕೊಳ್ಳುತ್ತಿದ್ದಳು. ಕೊನೆಗೆ ನಾನು ನಮ್ಮ ಮನೆಯ ವಿಳಾಸ ಬರೆದೆ. ಧೈರ್ಯದಿಂದ ಅಂತ ತಿಳಿಯಬೇಡಿ, ನಾಚಿಕೆಯಿಂದ ಬರೆದೆ. ಅವಳು ಆ ರಾತ್ರಿ ವಸ್ತಿಗೆ ಹೋಗದೆ ನಮ್ಮ ಮನೆಯಲ್ಲೇ ಇದ್ದಳು.

ಶುಕ್ರವಾರ ಕಚೇರಿ ತೆರೆಯುವ ಹೊತ್ತಿಗೆ ನಾವು ಬಾಗಿಲಲ್ಲಿದ್ದೆವು. ಇಪ್ಪತ್ತು ರೂಪಾಯಿಯ ಸ್ಟ್ಯಾಂಪು ಹಚ್ಚಿದ ಅಪೀಲು ನೋಡಿ, ಮೂಲ ಅರ್ಜಿಯ ಪೋಚ್ ಎಲ್ಲಿ ಅಂತ ಕಾರಕೂನ ಕೇಳಿದ. ಭಾಮಾಬಾಯಿ ನಂಬರು ಹೇಳಿದಳು, ತಾರೀಖು ಹೇಳಿದಳು, ಆವಕ ಪುಸ್ತಕದಲ್ಲಿ ಅದು ಬಲಗಡೆಯ ಪುಟದಲ್ಲಿ ಕೆಳಗಿನಿಂದ ಮೂರನೇ ಸಾಲು ಅಂತ ಹರಕು ಮರಾಠಿಯಲ್ಲಿ ಹೇಳಿದಳು. ಅವನು ಪುಸ್ತಕ ತಿರುವಿದ. ಬಲಗಡೆ, ಕೆಳಗಿನಿಂದ ಮೂರನೇ ಸಾಲು. ಸಿಕ್ಕಾ ಹಾಕಿದ. ಹೊರಗೆ ಬಂದಾಗ ರಸ್ತೆಯ ಆಚೆ ಒಂದು ಮೋಟರ್‌ಸೈಕಲ್ ನಿಂತಿತ್ತು. ಅದರ ಮೇಲೆ ಕೂತವನು ಸಿದ್ರಾಮಪ್ಪನ ಮಗ ದತ್ತು ಅಂತ ಅವಳು ಹೇಳಿದಳು. ಅವನು ನಮ್ಮನ್ನು ನೋಡಿ ಫೋನು ತೆಗೆದ.

ಅವಳು ವಸ್ತಿಗೆ ಹೋಗಿ ನೋಡಿದರೆ ಬಾಗಿಲ ಪಕ್ಕದ ಗೋಡೆಗೆ ಸುಣ್ಣ ಬಳಿದಿತ್ತು. ಬೇರೆ ಯಾವ ಗುಡಿಸಲಿಗೂ ಇಲ್ಲ. ಐವತ್ತೆಂಟು ಗೆರೆಯೂ ಹೋಗಿದ್ದವು. ಗೆರೆಗಳ ಅರ್ಥ ಸಿದ್ರಾಮಪ್ಪನಿಗೆ ತಿಳಿದಿದೆ ಅನ್ನುವುದೇ ಅವಳನ್ನು ಹೆಚ್ಚು ಹೆದರಿಸಿತು. ಎರಡು ದಿನ ಬಿಟ್ಟು ನಮ್ಮ ಮನೆಗೆ ಬಂದು, ಬಾಲ್ಕನಿಯ ಗೋಡೆ ತೋರಿಸಿ, ಇಲ್ಲಿ ಎಳೀಲೇನ್ರಿ ಅಂದಳು. ಅಪೀಲಿನ ತೀರ್ಪಿಗೆ ಮೂವತ್ತು ದಿನ, ಬಹಳವೆಂದರೆ ನಲವತ್ತೈದು. ಆಗಲೂ ಆಗದಿದ್ದರೆ ತೊಂಬತ್ತು ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಅಪೀಲು, ಅಲ್ಲಿ ತಪ್ಪಿತಸ್ಥ ಅಧಿಕಾರಿಗೆ ದಿನದ ಲೆಕ್ಕದಲ್ಲಿ ದಂಡವೂ ಬೀಳಬಹುದು. ಆದರೆ ಆಯೋಗದಲ್ಲಿ ಸರದಿ ಬರಲು ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ವಸ್ತಿಯೇ ಇರುವುದಿಲ್ಲ. ಹೋದ ವರ್ಷವಷ್ಟೇ ಬಣ್ಣ ಹೊಡೆಸಿದ ಗೋಡೆ. ಎಳೀರಿ ಅಂದೆ.

ಕೆಲಸ ನಿಂತಿತು. ನೀರಿನ ನಳಕ್ಕೆ ಹೋದರೆ ಹೆಂಗಸರು ಕೊಡ ಇಡಲು ಬಿಡುತ್ತಿರಲಿಲ್ಲ. ಅವಳು ದಿನಾ ಮಾರ್ಕೆಟ್ ಯಾರ್ಡಿಗೆ ಹೋಗಿ, ಬರುವಾಗ ನಮ್ಮಲ್ಲಿ ಒಂದು ಗೆರೆ ಎಳೆದು, ಒಂದು ಕೊಡ ನೀರು ತುಂಬಿಕೊಂಡು ಹೋಗುತ್ತಿದ್ದಳು. ಇಪ್ಪತ್ತೊಂದನೇ ಗೆರೆಯ ದಿನ ವಿಚಾರಣೆಯ ನೋಟೀಸು ನಮ್ಮ ಮನೆಗೆ ಬಂತು. ಅದರ ಮಾರನೇ ದಿನ ಫೋನು ಬಂತು. ಅಪ್ಪಟ ನಮ್ಮ ಕಡೆಯ ಕನ್ನಡ.

"ಬಾಯಾರ, ನಾ ಸಿದ್ರಾಮಪ್ಪ. ನಿಮ್ಮ ಮನಿ ಎರಡನೇ ಮಾಳಿಗಿ ಅಲ್ಲೇನ್ರಿ. ಬಾಗಲಾ ಭಾಳ ಹಳೇದಾಗ್ಯದ, ರಿಪೇರಿ ಮಾಡಿಸ್ರಿ. ಒಬ್ಬರೇ ಇರ್ತೀರಿ."

ಅಷ್ಟೇ. ಮತ್ತೆ ಅದೇ ಮರ್ಯಾದೆ. ನಾನು ಪೊಲೀಸ್ ಠಾಣೆಗೆ ಹೋಗಿ ಅರ್ಜಿ ಕೊಟ್ಟು, ಅದಕ್ಕೂ ಪೋಚ್ ತೆಗೆದುಕೊಂಡೆ. ಆದರೂ ಅಂಜಿಕೆ ಇಳಿಯಲಿಲ್ಲ. ಹಾಲಿನವನು ಬಾಗಿಲು ಬಡಿದರೂ ಜೀವ ಹಾರುತ್ತಿತ್ತು. ವಿಚಾರಣೆಯ ದಿನ ಬೆಳಿಗ್ಗೆ, ಜ್ವರ ಬಂದಿದೆ, ನೀವೊಬ್ಬರೇ ಹೋಗಿಬನ್ನಿ ಅಂತ ಅವಳಿಗೆ ಹೇಳುವುದೆಂದು ಗಟ್ಟಿ ಮಾಡಿಕೊಂಡೆ. ಅವಳ ಹತ್ತಿರ ಫೋನಿಲ್ಲ, ಎದುರಿಗೇ ಹೇಳಬೇಕು. ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಅವಳೇ ಕೂತಿದ್ದಳು. ಆರು ಗಂಟೆಗೇ ಬಂದಿದ್ದಳಂತೆ. ಯಾಕೆ ಬಡಿಯಲಿಲ್ಲ ಅಂದೆ.

"ಬಡದ್ರ ನೀವು ಅಂಜ್ತೀರಂತ ಸುಮ್ಮ ಕುಂತೆ. ವಿಳಾಸ ಬರಿಯಾಗ ನಿಮ್ಮ ಕೈ ನಡಗೋದು ನೋಡೀನ್ರಿ. ಮೆಟ್ಟಲಾ ನಾ ಮುಂದ ಇಳೀತೀನಿ, ನೀವು ಹಿಂದ ಬರ್ರಿ."

ನನಗೆ ಅಳು ಬಂತು. ಎಂಟು ವರ್ಷದಿಂದ ನೂರಾರು ಜನರಿಗೆ ಅಂಜಬೇಡಿ ಅಂದಿದ್ದೆ, ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಜ್ವರದ ಮಾತು ಆಡಲಿಲ್ಲ. ಅವಳ ಹಿಂದೆ ಇಳಿದೆ.

ವಿಚಾರಣೆ ಹತ್ತೇ ನಿಮಿಷ. ಮೇಲಧಿಕಾರಿ ಸಣ್ಣ ದನಿಯ ಹೆಂಗಸು. ಉತ್ತರ ಯಾಕೆ ಕೊಡಲಿಲ್ಲ ಅಂತ ಮಾಹಿತಿ ಅಧಿಕಾರಿಯನ್ನು ಕೇಳಿದರು. ಕಡತ ಬೇರೆ ಟೇಬಲ್ಲಿಗೆ ಹೋಗಿತ್ತು ಅಂದ. ಹೊರಗಿನ ಬೆಂಚಿನ ಮೇಲೆ ಸಿದ್ರಾಮಪ್ಪ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೀರಂತೆ, ಹೌದೇ ಅಂತ ಆ ಹೆಂಗಸು ಕೇಳಿದಾಗ ನನಗೆ ಅರ್ಥವಾಯಿತು, ಅವನು ಯಾವುದೋ ಹಾಳೆ ಕೊಟ್ಟಿದ್ದಾನೆ. ಭಾಮಾಬಾಯಿಯ ಮುಖ ಬೂದಿಯಾಯಿತು. ಅವಳು ಮುಂದೆ ಬಂದು ತನ್ನ ಬಲಗೈ ಹೆಬ್ಬೆರಳನ್ನು ಮೇಜಿನ ಮೇಲಿಟ್ಟಳು. ಇಟ್ಟಂಗಿ ಹೊತ್ತು ಹೊತ್ತು ಸವೆದ ಹೆಬ್ಬೆರಳು, ಅಡ್ಡಕ್ಕೆ ಒಂದು ಹಳೇ ಗಾಯದ ಗುರುತು. ಹಾಳೆಯ ಮೇಲಿನ ಒತ್ತು ನುಣ್ಣಗಿತ್ತು, ಗಾಯವಿರಲಿಲ್ಲ. ಆ ಹೆಂಗಸು ಎರಡನ್ನೂ ನೋಡಿ, ಹಾಳೆಯನ್ನು ಕಡತದೊಳಗೆ ಇಟ್ಟುಕೊಂಡು, ಗಡುವು ಮೀರಿದ್ದರಿಂದ ಯಾವ ಶುಲ್ಕವೂ ಇಲ್ಲದೆ ಏಳು ದಿನದೊಳಗೆ ಪ್ರತಿ ಕೊಡಬೇಕು ಅಂತ ಬರೆಸಿದರು.

ಐದನೇ ದಿನ ಲಕೋಟೆ ಬಂತು. ಭಾಮಾಬಾಯಿ ಬರುವ ತನಕ ನಾನು ಒಡೆಯಲಿಲ್ಲ. ಒಳಗೆ ಎರಡು ಹಾಳೆ, ಜೊತೆಗೆ ಒಂದು ಚೀಟಿ: ಯಾದಿ ಇನ್ನೂ ಕರಡು, ಪ್ರಸಿದ್ಧವಾಗಿದೆ, ಆಕ್ಷೇಪಣೆಗೆ ಹದಿನೈದು ದಿನ ಉಳಿದಿದೆ. ಪ್ರಸಿದ್ಧವಾದದ್ದು ಎಲ್ಲಿ ಅಂತ ಬರೆದಿರಲಿಲ್ಲ. ನಾನು ಹಾಳೆಯ ಮೇಲೆ ಬೆರಳಿಟ್ಟು ಓದಿದೆ. ಗುಡಿಸಲು ನಂಬರು ಎಂಬತ್ಮೂರು. ವಾಸಿಸುವವರ ಹೆಸರು, ದತ್ತು ಸಿದ್ರಾಮಪ್ಪ.

ಅವಳಿಗೆ ಹೇಗೆ ಹೇಳುವುದು ಅಂತ ನಾನು ತಡವರಿಸುತ್ತಿದ್ದೆ. ಅವಳು ಹಾಳೆ ತನ್ನ ಕಡೆ ಎಳೆದುಕೊಂಡು, ಅಕ್ಷರಗಳನ್ನೆಲ್ಲ ಬಿಟ್ಟು, ಅಂಕಿಗಳ ಮೇಲೆ ಮಾತ್ರ ಬೆರಳು ಓಡಿಸಿದಳು. ವಾಸದ ಪುರಾವೆ ಅನ್ನುವ ಕಡೆ ಲೈಟ್ ಬಿಲ್ಲಿನ ಗ್ರಾಹಕ ಸಂಖ್ಯೆ ಇತ್ತು, ಹನ್ನೆರಡು ಅಂಕಿ. ಬೆರಳು ಅಲ್ಲಿ ನಿಂತಿತು. ಕಣ್ಣು ಮುಚ್ಚಿ ಹನ್ನೆರಡನ್ನೂ ಬಾಯಿಪಾಠ ಹೇಳಿದಳು.

"ಇದು ನಮ್ಮ ಮೀಟರು ನಂಬರ ರೀ. ಬಿಲ್ ನಮ್ಮ ಯಜಮಾನರ ಹೆಸರಿಲೆ ಬರ್ತದ. ಟ್ರಂಕಿನಿಂದ ತಗದಾರ."

ಹೆಸರು ಬದಲಿಸಿದವರು ನಂಬರು ಬದಲಿಸಿರಲಿಲ್ಲ. ಅವಳಿಗೆ ಓದಲು ಬಾರದು ಅಂತ ನಂಬಿದ್ದರು. ಲೈಟಿನ ಕಚೇರಿಯಿಂದ ಹಳೇ ವರ್ಷಗಳ ಬಿಲ್ಲಿನ ನಕಲು ತೆಗೆಸಬಹುದು, ಅದನ್ನೇ ಹಚ್ಚಿ ಆಕ್ಷೇಪಣೆ ಕೊಡಬಹುದು ಅಂತ ನಾನು ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಸೆರಗಿನಿಂದ ಮುಖ ಒರೆಸಿಕೊಂಡು, ಟ್ರಂಕಿನಲ್ಲಿ ಇನ್ನೂ ಐವತ್ತೊಂಬತ್ತು ಮನೆಯ ಬಿಲ್ಲು ಇವೆ ಅಂದಳು.

ಕೆಳಗೆ ಒಂದು ಮೋಟರ್‌ಸೈಕಲ್ ನಿಂತ ಸದ್ದಾಯಿತು. ಇಬ್ಬರೂ ಬಾಗಿಲ ಕಡೆ ನೋಡಿದೆವು. ಯಾರೂ ಹತ್ತಿ ಬರಲಿಲ್ಲ. ಪಕ್ಕದ ಮನೆಯವರಿಗೆ ಪಾರ್ಸಲ್ ಬಂದಿತ್ತು.

"ಇನ್ನೂ ಅಂಜಿಕಿ ಅದ ಏನ್ರಿ ಭಾಮಾಬಾಯಿ?"

"ಅದರಿ. ನಿಮಗ?"

"ನನಗೂ ಅದ."

ಅವಳು ತಲೆಯಾಡಿಸಿ, ಬಾಲ್ಕನಿಯ ಮೂಲೆಯಲ್ಲಿಟ್ಟಿದ್ದ ಇಟ್ಟಂಗಿ ಚೂರು ತೆಗೆದುಕೊಂಡಳು. ಅಪೀಲಿನ ಸಾಲಿನ ಕೆಳಗೆ ಹೊಸ ಸಾಲು ಹಿಡಿದು, ಹದಿನೈದರ ಮೊದಲನೇ ಗೆರೆ ಎಳೆದಳು. ಆಮೇಲೆ ಚೂರನ್ನು ನನ್ನ ಕೈಗೆ ಕೊಟ್ಟು, ನಾಳೆಯಿಂದ ತಾನು ವಸ್ತಿಯ ಬಾಗಿಲು ಬಾಗಿಲಿಗೆ ಹೋಗುವವಳು, ಬರಲಿಕ್ಕೆ ಆಗದಿದ್ದರೆ ಗೆರೆ ನೀವೇ ಎಳೆಯಿರಿ ಅಂದಳು.